ಹೊಲಿಗೆಯ ಮೂಲೆಯಲ್ಲಿ ತಿಂಗಳ ನೋವು

ತಿಂಗಳಲ್ಲಿ ಐದು ದಿನ ಆಕೆ ಲಂಗದ ಲಾಡಿಯನ್ನು ಮಾಮೂಲಿ ಜಾಗದಲ್ಲಿ ಕಟ್ಟುತ್ತಿರಲಿಲ್ಲ. ನಾಲ್ಕು ಬೆರಳು ಮೇಲಕ್ಕೆ, ಹೊಕ್ಕುಳಿನ ಹತ್ತಿರ ಕಟ್ಟಿಕೊಂಡು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದಳು. ಕೆಳಗೆ ಕಟ್ಟಿದರೆ ಲಾಡಿ ಸಿಜೇರಿಯನ್ ಹೊಲಿಗೆಯ ಎಡತುದಿಗೆ ಒತ್ತುತ್ತಿತ್ತು, ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಉಳಿದ ದಿನಗಳಲ್ಲಿ ಅದೇ ಲಾಡಿ, ಅದೇ ಜಾಗ, ಏನೂ ಆಗುತ್ತಿರಲಿಲ್ಲ. ಎರಡು ವರ್ಷದಲ್ಲಿ ನಾಲ್ಕು ಕಡೆ ತೋರಿಸಿದ್ದಳು. ಎಲ್ಲೂ ಈ ಲಾಡಿಯ ವಿಷಯ ಹೇಳಿರಲಿಲ್ಲ, ಅದನ್ನೆಲ್ಲ ಡಾಕ್ಟರ ಹತ್ತಿರ ಹೇಳುವುದುಂಟೇ ಅನ್ನುವ ಸಂಕೋಚ. ನೋವು ಎಲ್ಲಿ ಎಂದು ಎಲ್ಲರೂ ಕೇಳಿದ್ದರು. ಯಾವತ್ತು ಎಂದು ಕೇಳಿದವರಿರಲಿಲ್ಲ.

ಇದು ಒಬ್ಬಳ ಕಥೆಯಲ್ಲ. ಸ್ತ್ರೀರೋಗ ವೈದ್ಯೆಯಾಗಿ ನಾನು ಕಂಡ ಕೆಲವರ ವಿವರಗಳನ್ನು ಯಾರ ಗುರುತೂ ಹತ್ತದಂತೆ ಬೆರೆಸಿ ಒಬ್ಬಳನ್ನಾಗಿ ಮಾಡಿಕೊಂಡಿದ್ದೇನೆ. ವಯಸ್ಸು 31, ನಾಲ್ಕು ವರ್ಷದ ಒಬ್ಬ ಮಗ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಎದೆಬಡಿತ ಇಳಿಯಿತೆಂದು ಸಿಜೇರಿಯನ್ ಮಾಡಿದ್ದರು. ಹೊಲಿಗೆ ಚೆನ್ನಾಗಿ ಕೂಡಿಕೊಂಡಿತು, ಕೀವಾಗಲಿಲ್ಲ, ಜ್ವರ ಬರಲಿಲ್ಲ. ಮಗು ಹಾಲು ಕುಡಿಯುತ್ತಿದ್ದ ಹನ್ನೊಂದು ತಿಂಗಳು ಮುಟ್ಟಾಗಲಿಲ್ಲ, ನೋವೂ ಇರಲಿಲ್ಲ. ಮುಟ್ಟು ಮರಳಿ ಒಂದು ವರ್ಷ ಕಳೆದ ಮೇಲೆ ಹೊಲಿಗೆಯ ಎಡಮೂಲೆಯಲ್ಲಿ ಏನೋ ಚುಚ್ಚಿದ ಹಾಗೆ ಶುರುವಾಯಿತು. ಆಮೇಲೆ ಅಲ್ಲಿ ಕೈಗೆ ಒಂದು ಗಂಟು ಸಿಗತೊಡಗಿತು.

ಮನೆಯಲ್ಲಿ ಅತ್ತೆ, ‘ಬಾಣಂತಿತನದಲ್ಲಿ ಬದನೆಕಾಯಿ ತಿಂದೆ, ನಂಜಾಗಿದೆ’ ಅಂದರು. ಮೆಡಿಕಲ್ ಶಾಪಿನವನು ನೋವಿನ ಮಾತ್ರೆ ಕೊಟ್ಟ. ಮೊದಲ ಡಾಕ್ಟರು ಒಳಗೆ ಉಳಿದ ದಾರದ ಸುತ್ತ ಗಂಟು ಕಟ್ಟಿದೆಯೆಂದು ಆ್ಯಂಟಿಬಯಾಟಿಕ್ ಬರೆದರು. ಮಾತ್ರೆ ಮುಗಿಯುವ ಹೊತ್ತಿಗೆ ನೋವೂ ಹೋಯಿತು. ಮುಟ್ಟು ಮುಗಿದಿದ್ದರಿಂದ ಹೋಯಿತೆಂದು ಆಕೆಗೂ ಹೊಳೆಯಲಿಲ್ಲ, ಡಾಕ್ಟರಿಗೂ ಹೊಳೆಯಲಿಲ್ಲ. ಇನ್ನೊಬ್ಬರು ಹರ್ನಿಯಾ ಇರಬಹುದು ಎಂದು ಬೆಲ್ಟು ಕೊಟ್ಟರು. ಮತ್ತೊಬ್ಬರು ‘ಆಪರೇಷನ್ ಆದಮೇಲೆ ಒಳಗೆ ಅಂಟಿಕೊಂಡಿದೆ, ಎಲ್ಲರಿಗೂ ಹಾಗೇ’ ಎಂದು ಕಳಿಸಿದರು. ನಾಲ್ಕನೆಯ ಕಡೆ, ಇನ್ನೊಂದು ಮಗು ಬೇಡದಿದ್ದರೆ ಗರ್ಭಕೋಶವನ್ನೇ ತೆಗೆಸಿಬಿಡು ಎಂಬ ಸಲಹೆ ಸಿಕ್ಕಿತು. ಆ ಸಲಹೆ ಕೇಳಿ ಹೆದರಿಯೇ ನನ್ನ ಹತ್ತಿರ ಬಂದಿದ್ದಳು.

ಮೊದಲ ದಿನ ನಾನು ಆಕೆಗೆ ಹೇಳಿದ್ದು ಒಂದೇ ಕೆಲಸ. ಅವರ ಅಡುಗೆಮನೆ ಗೋಡೆಯಲ್ಲಿ ಎಲ್ಲರ ಮನೆಯಲ್ಲಿರುವಂಥದೇ ದೊಡ್ಡ ಅಂಕಿಯ ಕ್ಯಾಲೆಂಡರ್ ಇತ್ತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ದಿನ, ಎಲ್ಲ ಅದರಲ್ಲೇ. ಮುಟ್ಟಾದ ದಿನಕ್ಕೂ ಆಕೆ ಮೊದಲಿನಿಂದ ಮೂಲೆಯಲ್ಲಿ ಒಂದು ಚುಕ್ಕಿ ಇಡುತ್ತಿದ್ದಳು. ನೋವಿದ್ದ ದಿನಕ್ಕೆ ಬೇರೆ ಬಣ್ಣದಲ್ಲಿ ಒಂದು ಗೆರೆ ಎಳಿ, ಜಾಸ್ತಿ ಇದ್ದರೆ ಎರಡು ಗೆರೆ, ಮೂರು ತಿಂಗಳಾದ ಮೇಲೆ ಆ ಹಾಳೆಗಳ ಫೋಟೋ ತಗೊಂಡು ಬಾ ಎಂದೆ. ಬಂದಾಗ ನೋಡಿದರೆ ಮೂರು ತಿಂಗಳಲ್ಲೂ ಚುಕ್ಕಿಗೆ ಎರಡು ದಿನ ಮುಂಚೆ ಗೆರೆ ಶುರುವಾಗಿ, ಚುಕ್ಕಿಯಾಗಿ ಮೂರನೆಯ ದಿನಕ್ಕೆ ನಿಂತಿತ್ತು. ನಡುವಿನ ಮೂರು ವಾರ ಖಾಲಿ.

ದಾರದ ಗಂಟಿಗೆ ತಿಂಗಳ ಲೆಕ್ಕ ಗೊತ್ತಿಲ್ಲ. ಹರ್ನಿಯಾಕ್ಕೂ ಗೊತ್ತಿಲ್ಲ, ಅಂಟಿಕೆಗೂ ಗೊತ್ತಿಲ್ಲ. ಆ ಲೆಕ್ಕ ಗೊತ್ತಿರುವುದು ಗರ್ಭಕೋಶದ ಒಳಪದರಕ್ಕೆ ಮಾತ್ರ. ಅಂಡಾಶಯದಿಂದ ಬರುವ ಹಾರ್ಮೋನಿಗೆ ಅದು ದಪ್ಪಗಾಗುತ್ತದೆ, ಹಾರ್ಮೋನು ಇಳಿದಾಗ ಕಳಚಿ ರಕ್ತವಾಗಿ ಹೋಗುತ್ತದೆ. ಆ ಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಎಲ್ಲಾದರೂ ಬೇರೂರಿದರೆ ಅದನ್ನು ಎಂಡೊಮೆಟ್ರಿಯೋಸಿಸ್ ಅನ್ನುತ್ತೇವೆ. ಸಾಮಾನ್ಯವಾಗಿ ಅದು ಅಂಡಾಶಯದ ಮೇಲೆ, ಗರ್ಭಕೋಶದ ಹಿಂಬದಿಯಲ್ಲಿ ಇರುತ್ತದೆ. ಈಕೆಗೆ ಹೊಟ್ಟೆಯ ಗೋಡೆಯಲ್ಲಿತ್ತು, ಹೊಲಿಗೆಯ ಮೂಲೆಯಲ್ಲಿ. ಗರ್ಭಕೋಶದ ರಕ್ತಕ್ಕೆ ಹೊರಗೆ ಹರಿಯಲು ದಾರಿಯಿದೆ. ಕೊಬ್ಬಿನ ನಡುವೆ ಕೂತ ಈ ತುಣುಕಿಗೆ ದಾರಿಯಿಲ್ಲ. ತಿಂಗಳಿಗೊಮ್ಮೆ ಒಳಗೇ ಊದಿಕೊಳ್ಳುತ್ತದೆ, ಒಳಗೇ ಒಸರುತ್ತದೆ. ಸುತ್ತಲಿನ ಮಾಂಸ ಅದರ ಮೇಲೆ ಮುನಿದು ನಾರುನಾರಾಗಿ ಗಟ್ಟಿಯಾಗುತ್ತದೆ. ಕೈಗೆ ಸಿಗುವ ಗಂಟಿನಲ್ಲಿ ಬಹುಪಾಲು ಈ ನಾರೇ.

ಅಲ್ಲಿಗೆ ಅದು ಹೋದದ್ದು ಹೇಗೆ ಎಂದು ಆಕೆ ಕೇಳಿದಳು. ಆಪರೇಷನ್ ಟೇಬಲ್ ಮೇಲೆ ಏನಾಗುತ್ತದೆಂದು ಹೇಳಿದೆ. ಸಿಜೇರಿಯನ್‌ನಲ್ಲಿ ಚರ್ಮ, ಅದರ ಕೆಳಗೆ ಕೊಬ್ಬು, ಆಮೇಲೆ ಹೊಟ್ಟೆಯ ಸ್ನಾಯುವನ್ನು ಹೊದ್ದಿರುವ ಬಿಳಿಯ ದಪ್ಪ ಕವಚ, ಸ್ನಾಯು, ಹೊಟ್ಟೆಯ ಒಳಪೊರೆ, ಕೊನೆಗೆ ಗರ್ಭಕೋಶ, ಹೀಗೆ ಒಂದೊಂದಾಗಿ ದಾಟುತ್ತೇವೆ. ಮಗುವನ್ನೂ ಕಸವನ್ನೂ ತೆಗೆದ ಮೇಲೆ ಗರ್ಭಕೋಶದ ಒಳಗನ್ನು ಬಟ್ಟೆಯಿಂದ ಒರೆಸುತ್ತೇವೆ, ಹೊಲಿಯುತ್ತೇವೆ. ಆ ಹೊತ್ತಿನಲ್ಲಿ ಒಳಪದರದ ಜೀವಂತ ಕೋಶಗಳು ರಕ್ತದಲ್ಲಿ, ನೆತ್ತಿನೀರಿನಲ್ಲಿ, ಬಟ್ಟೆಯಲ್ಲಿ, ಗ್ಲೌಸಿನ ಮೇಲೆ, ಸೂಜಿಯ ಮೇಲೆ ಎಲ್ಲೆಡೆ ಇರುತ್ತವೆ. ಅವುಗಳಲ್ಲಿ ಕೆಲವು ಹೊಟ್ಟೆಯ ಗೋಡೆಯ ಗಾಯದಲ್ಲಿ ಉಳಿಯುತ್ತವೆ. ಅಡ್ಡಗೀರಿನ ಎರಡು ತುದಿಗಳಲ್ಲಿ ರಕ್ತ ನಿಲ್ಲುತ್ತದೆ, ಒರೆಸುವ ಬಟ್ಟೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಗಂಟು ಹೆಚ್ಚಾಗಿ ಮೂಲೆಯಲ್ಲೇ ಸಿಗುವುದಕ್ಕೆ ಇದೇ ಕಾರಣವೆಂದು ನಮ್ಮಲ್ಲಿ ಅನೇಕರು ನಂಬುತ್ತೇವೆ.

ಅಮೆರಿಕದ ಆಲ್ಬನಿಯಲ್ಲಿದ್ದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ, ಮುಟ್ಟಿನ ರಕ್ತ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಬಿದ್ದು ಅಲ್ಲಿ ಒಳಪದರ ಬೇರೂರುತ್ತದೆ ಎಂದು ವಾದಿಸಿದರು. ಆ ವಾದದ ಮೇಲೆ ಇವತ್ತಿಗೂ ಚರ್ಚೆಯಿದೆ. ಹೊಲಿಗೆಯ ವಿಷಯದಲ್ಲಿ ಮಾತ್ರ ಬಿತ್ತನೆಯ ಮಾತನ್ನು ಅಲ್ಲಗಳೆಯುವುದು ಕಷ್ಟ. ಈ ಗಂಟಿರುವ ಹೆಚ್ಚಿನ ಹೆಂಗಸರ ಹೊಟ್ಟೆಯೊಳಗೆ ಬೇರೆಲ್ಲೂ ಎಂಡೊಮೆಟ್ರಿಯೋಸಿಸ್ ಇರುವುದಿಲ್ಲ, ಚಾಕು ಹೋದ ದಾರಿಯಲ್ಲಿ ಮಾತ್ರ ಇರುತ್ತದೆ. ಸಹಜ ಹೆರಿಗೆಯಲ್ಲಿ ಕೆಳಗೆ ಕತ್ತರಿಸಿ ಹಾಕಿದ ಹೊಲಿಗೆಯಲ್ಲೂ ಅಪರೂಪಕ್ಕೆ ಕಂಡದ್ದಿದೆ. ಕೋಶ ಬಿದ್ದವರಿಗೆಲ್ಲ ಗಂಟಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಬಿದ್ದದ್ದನ್ನು ದೇಹ ಬಹುತೇಕ ಗುಡಿಸಿ ಹಾಕುತ್ತದೆ. ಯಾರಲ್ಲಿ ಗುಡಿಸುವುದಿಲ್ಲ, ಏಕೆ ಗುಡಿಸುವುದಿಲ್ಲ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಇನ್ನೂ ಗಟ್ಟಿ ಉತ್ತರವಿಲ್ಲ.

ಆದ್ದರಿಂದ ಇದು ಅಪರೂಪದ ಕಾಯಿಲೆಯೇ. ಹತ್ತು ಸಾವಿರ ಸಿಜೇರಿಯನ್‌ಗಳಲ್ಲಿ ಸುಮಾರು 3ರಿಂದ 40 ಮಂದಿಗೆ ಬರುತ್ತದೆಂದು ಬೇರೆ ಬೇರೆ ಆಸ್ಪತ್ರೆಗಳ ಲೆಕ್ಕ ಹೇಳುತ್ತದೆ. ಆದರೆ ಸಿಜೇರಿಯನ್ ಈಗ ಅಪರೂಪವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ನೂರು ಹೆರಿಗೆಗೆ ಹತ್ತಿರ ಹತ್ತಿರ 24 ಸಿಜೇರಿಯನ್ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 31 ದಾಟಿತು. ಹೊಲಿಗೆಗಳು ಹೆಚ್ಚಿದಂತೆ ಹೊಲಿಗೆಯ ಮೂಲೆಯ ಗಂಟುಗಳೂ ಹೆಚ್ಚುತ್ತವೆ. ಒಬ್ಬ ವೈದ್ಯರು ತಮ್ಮ ಜೀವಮಾನದಲ್ಲಿ ಎರಡೋ ಮೂರೋ ಕಂಡಿದ್ದರೆ ಮುಂದಿನದನ್ನು ದಾರದ ಗಂಟು ಎಂದು ಕಳಿಸಿಬಿಡುವುದು ಬಹಳ ಸುಲಭ. ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಹಾಗೆ ಒಬ್ಬರನ್ನು ಕಳಿಸಿದ್ದೇನೆ. ಆಕೆ ವಾಪಸ್ಸು ಬಂದದ್ದು ಎರಡು ವರ್ಷದ ಮೇಲೆ, ಆಗ ಗಂಟು ಎರಡರಷ್ಟಾಗಿತ್ತು.

ಪರೀಕ್ಷೆ ಮಾಡುವುದೇ ಒಂದು ಕಲೆ, ಅದಕ್ಕೆ ದುಬಾರಿ ಯಂತ್ರ ಬೇಡ. ಮುಟ್ಟಿನ ಎರಡನೆಯ ದಿನ ಬರಲು ಹೇಳಿದೆ. ಆ ದಿನ ಆಸ್ಪತ್ರೆಗೆ ಬರುವುದಕ್ಕೆ ಆಕೆಗೆ ಮುಜುಗರ, ಆದರೂ ಬಂದಳು. ‘ನೋವಿರುವ ಜಾಗಕ್ಕೆ ನೀನೇ ಒಂದು ಬೆರಳಿಡಮ್ಮ’ ಎಂದೆ. ಇಡೀ ಅಂಗೈ ಇಟ್ಟು ‘ಇಲ್ಲೆಲ್ಲ’ ಎನ್ನುವವರ ನೋವಿನ ಮೂಲ ಸಾಮಾನ್ಯವಾಗಿ ಹೊಟ್ಟೆಯ ಒಳಗಿರುತ್ತದೆ. ಈಕೆ ಒಂದೇ ಬೆರಳಿಟ್ಟಳು, ಹೊಲಿಗೆಯ ಎಡತುದಿಯಿಂದ ಅರ್ಧ ಇಂಚು ಮೇಲೆ. ಅಡಿಕೆ ಗಾತ್ರದ ಗಂಟು, ಕಲ್ಲಿನಷ್ಟಲ್ಲದಿದ್ದರೂ ಗಟ್ಟಿ, ಅಡಿಯಲ್ಲಿ ಹಿಡಿದುಕೊಂಡಂತೆ ಅಲುಗಾಡದು. ಕೆಮ್ಮಲು ಹೇಳಿದಾಗ ಉಬ್ಬಿ ಬರಲಿಲ್ಲ, ಒತ್ತಿದರೆ ಒಳಗೆ ಸರಿಯಲಿಲ್ಲ. ಹರ್ನಿಯಾ ಅಲ್ಲಿಗೆ ಹಿಂದೆ ಸರಿಯಿತು.

ಆಮೇಲೆ ನನ್ನ ಬೆರಳನ್ನು ಗಂಟಿನ ಮೇಲಿಟ್ಟುಕೊಂಡೇ, ಕೈ ಊರದೆ ತಲೆ ಮತ್ತು ಹೆಗಲನ್ನು ಮಂಚದಿಂದ ಮೇಲಕ್ಕೆತ್ತಲು ಹೇಳಿದೆ. ಹಾಗೆ ಎತ್ತಿದಾಗ ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ನೋವಿನ ಮೂಲ ಕರುಳಿನಲ್ಲೋ ಗರ್ಭಕೋಶದಲ್ಲೋ ಇದ್ದರೆ ಬಿಗಿದ ಸ್ನಾಯು ಗುರಾಣಿಯಂತೆ ಅಡ್ಡ ನಿಂತು, ನನ್ನ ಬೆರಳಿನ ಒತ್ತಡ ಅಲ್ಲಿಗೆ ತಲುಪದೆ ನೋವು ಕಡಿಮೆಯಾಗಬೇಕು. ಮೂಲ ಹೊಟ್ಟೆಯ ಗೋಡೆಯಲ್ಲೇ ಇದ್ದರೆ ಅದು ಬೆರಳಿಗೂ ಸ್ನಾಯುವಿಗೂ ನಡುವೆ ಸಿಕ್ಕಿಕೊಂಡು ನೋವು ಹಾಗೇ ಇರುತ್ತದೆ, ಇಲ್ಲವೇ ಹೆಚ್ಚುತ್ತದೆ. ಫಿಲಡೆಲ್ಫಿಯಾದ ಶಸ್ತ್ರವೈದ್ಯ ಕಾರ್ನೆಟ್ 1926ರಲ್ಲಿ ವಿವರಿಸಿದ ಪರೀಕ್ಷೆ ಇದು. ಅರ್ಧ ನಿಮಿಷ ಸಾಕು. ಈಕೆ ತಲೆ ಎತ್ತುತ್ತಲೇ ‘ಅಯ್ಯೋ ಮೇಡಂ, ಬಿಡಿ’ ಎಂದಳು.

ಹಾಗಾದರೆ ಹಿಂದಿನ ಮೂರು ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ‘ನಾರ್ಮಲ್’ ಎಂದೇಕೆ ಬಂತು? ರಿಪೋರ್ಟು ಸುಳ್ಳಲ್ಲ. ನೀರು ಕುಡಿಸಿ ಮೂತ್ರಚೀಲ ತುಂಬಿಸಿ ಮಾಡುವ ಹೊಟ್ಟೆಯ ಸ್ಕ್ಯಾನು ಆಳದಲ್ಲಿರುವ ಗರ್ಭಕೋಶ, ಅಂಡಾಶಯ ನೋಡಲು ಹೊಂದಿಸಿದ್ದು. ಅದರ ಕಣ್ಣು ಚರ್ಮದ ಕೆಳಗಿನ ಎರಡು ಸೆಂಟಿಮೀಟರನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಈ ಗಂಟಿರುವುದೇ ಆ ಎರಡು ಸೆಂಟಿಮೀಟರಿನಲ್ಲಿ. ಥೈರಾಯ್ಡ್, ಸ್ತನ ನೋಡಲು ಬಳಸುವ ಚಪ್ಪಟೆ ತುದಿಯ ಪ್ರೋಬನ್ನು ಇಲ್ಲಿ ಇಡಬೇಕು. ಚೀಟಿಯಲ್ಲಿ ನಾನು ‘ಹೊಟ್ಟೆಯ ಸ್ಕ್ಯಾನ್’ ಎಂದು ಬರೆಯಲಿಲ್ಲ. ‘ಸಿಜೇರಿಯನ್ ಹೊಲಿಗೆಯ ಎಡತುದಿ, ಹೊಟ್ಟೆಯ ಗೋಡೆ, ಮುಟ್ಟಿನ ಎರಡನೇ ದಿನ, ಎಂಡೊಮೆಟ್ರಿಯೋಸಿಸ್ ಅನುಮಾನ’ ಎಂದು ಬರೆದು, ಗಂಟಿನ ಮೇಲೆ ಪೆನ್ನಿನಲ್ಲಿ ಒಂದು ಸುತ್ತು ಹಾಕಿ ಕಳಿಸಿದೆ. ಅದೇ ಯಂತ್ರ, ಅದೇ ಊರು. ಈ ಸಲ 26 ಮಿಲಿಮೀಟರ್ ಉದ್ದದ, ಅಂಚು ಕದಡಿದ, ಒಳಗೆ ರಕ್ತ ಹರಿಯುವ ಕಪ್ಪು ಗಂಟು ಕಂಡಿತು. ಕೊಬ್ಬಿನಲ್ಲಿ ಶುರುವಾಗಿ ಸ್ನಾಯುವಿನ ಬಿಳಿ ಕವಚಕ್ಕೆ ಕಚ್ಚಿಕೊಂಡಿತ್ತು. ಗಂಟು ದೊಡ್ಡದಿದ್ದರೆ ಅಥವಾ ಸ್ನಾಯುವಿನೊಳಗೆ ಎಷ್ಟು ಇಳಿದಿದೆಯೆಂದು ಗೊತ್ತಾಗದಿದ್ದರೆ ಎಂಆರ್‌ಐ ಮಾಡಿಸುತ್ತೇವೆ. ಈಕೆಗೆ ಅದರ ಅಗತ್ಯ ಬೀಳಲಿಲ್ಲ. ಗಂಟು ಇನ್ನೇನೋ ಇರಬಹುದೆಂಬ ಅನುಮಾನ ಉಳಿದರೆ ಸೂಜಿ ಚುಚ್ಚಿ ಕೋಶ ತೆಗೆದು ನೋಡುವುದುಂಟು. ಆದರೆ ಹರ್ನಿಯಾ ಅಲ್ಲವೆಂದು ಖಚಿತವಾಗದೆ ಅಲ್ಲಿ ಸೂಜಿ ಹಾಕಬಾರದು, ಒಳಗಿರುವುದು ಕರುಳಾಗಿದ್ದೀತು.

ಕ್ಯಾಲೆಂಡರನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಹೊಲಿಗೆಯ ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಗಣನೀಯ ಭಾಗದವರಿಗೆ ನೋವು ತಿಂಗಳ ಲೆಕ್ಕದಲ್ಲಿ ಬರುವುದೇ ಇಲ್ಲ. ವರ್ಷಗಳಾದಂತೆ ಗಂಟಿನ ಸುತ್ತ ನಾರು ದಪ್ಪಗಾಗಿ, ನರಗಳು ಅದರಲ್ಲಿ ಸಿಕ್ಕಿಕೊಂಡು, ಮೊದಲು ಐದು ದಿನವಿದ್ದ ನೋವು ಹತ್ತಾಗಿ ಆಮೇಲೆ ತಿಂಗಳಿಡೀ ಆಗುತ್ತದೆ. ಅಂಥವರನ್ನು ಈಗ ಹೇಗಿದೆ ಎಂದು ಕೇಳಿ ಪ್ರಯೋಜನವಿಲ್ಲ, ಶುರುವಾದಾಗ ಹೇಗಿತ್ತು ಎಂದು ಕೇಳಬೇಕು. ಗರ್ಭನಿರೋಧಕ ಮಾತ್ರೆಯಲ್ಲಿರುವವರ ಕ್ಯಾಲೆಂಡರೂ ಸರಿಯಾದ ಸುದ್ದಿ ಹೇಳುವುದಿಲ್ಲ. ಗರ್ಭಕೋಶ ತೆಗೆಸಿಕೊಂಡವರದಂತೂ ಇನ್ನೂ ವಿಚಿತ್ರ. ಅವರಿಗೆ ಮುಟ್ಟೇ ಇಲ್ಲ, ಆದರೆ ಅಂಡಾಶಯ ಉಳಿಸಿದ್ದರೆ ಹಾರ್ಮೋನಿನ ತಿಂಗಳು ನಡೆಯುತ್ತಲೇ ಇರುತ್ತದೆ, ಹೊಲಿಗೆಯ ಗಂಟು ಅದರ ಮಾತು ಕೇಳುತ್ತಲೇ ಇರುತ್ತದೆ. ನಾಲ್ಕನೆಯ ಕಡೆ ಸಿಕ್ಕ ಸಲಹೆಯನ್ನು ಈಕೆ ಪಾಲಿಸಿದ್ದರೆ 31ನೇ ವಯಸ್ಸಿಗೆ ಗರ್ಭಕೋಶ ಹೋಗಿರುತ್ತಿತ್ತು, ನೋವು ಇದ್ದಲ್ಲೇ ಇರುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಇನ್ನು ‘ಒಳಗೆ ಅಂಟಿಕೊಂಡಿದೆ’ ಎಂಬ ಮಾತು. ನಮ್ಮಲ್ಲಿ ಆಪರೇಷನ್ ಆದ ಹೊಟ್ಟೆಯ ಯಾವ ನೋವಿಗೂ ಈ ಮಾತನ್ನು ಹಚ್ಚಿಬಿಡುತ್ತೇವೆ. ಅಂಟಿಕೆ ಇರುವುದು ಸುಳ್ಳಲ್ಲ. ಹೊಟ್ಟೆಯ ಒಳಗೋಡೆಗೂ ಕರುಳಿನ ಮೇಲ್ಮೈಗೂ ನುಣುಪಾದ ಒಂದು ಪೊರೆಯಿದೆ, ಅದರಿಂದಲೇ ಎಲ್ಲವೂ ಒಂದರ ಮೇಲೊಂದು ಜಾರುತ್ತಿರುತ್ತವೆ. ಚಾಕು ತಾಗಿದ, ಬಟ್ಟೆ ಉಜ್ಜಿದ, ರಕ್ತ ನಿಂತ ಕಡೆ ಈ ಪೊರೆ ತರಚುತ್ತದೆ. ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ ಎಂಬ ಅಂಟು ಕಟ್ಟುತ್ತದೆ. ಸಾಮಾನ್ಯವಾಗಿ ದೇಹ ಆ ಅಂಟನ್ನು ಕೆಲವು ದಿನಗಳಲ್ಲಿ ಕರಗಿಸುತ್ತದೆ. ಸೋಂಕಾದರೆ, ರಕ್ತ ಸಂಚಾರ ಕಡಿಮೆಯಿದ್ದರೆ ಕರಗಿಸುವ ಕೆಲಸ ಹಿಂದೆ ಬೀಳುತ್ತದೆ. ವಾರ ಕಳೆಯುವುದರೊಳಗೆ ಅಂಟಿನ ದಾರಿಯಲ್ಲಿ ನಾರುಕೋಶಗಳು ಬಂದು ಶಾಶ್ವತ ಎಳೆ ಹೆಣೆಯುತ್ತವೆ. ಸಿಜೇರಿಯನ್ ಆದವರಲ್ಲಿ ಮೂತ್ರಚೀಲ ಗರ್ಭಕೋಶದ ಮುಂಭಾಗಕ್ಕೆ, ಗರ್ಭಕೋಶ ಹೊಟ್ಟೆಯ ಗೋಡೆಗೆ ಹೀಗೆ ಹಿಡಿದುಕೊಳ್ಳುತ್ತವೆ. ಎರಡನೆಯ, ಮೂರನೆಯ ಸಿಜೇರಿಯನ್ ಆದಂತೆ ಇದು ಹೆಚ್ಚುತ್ತದೆ.

ಆದರೆ ಹೊಟ್ಟೆ ತುಂಬ ಅಂಟಿಕೆಯಿದ್ದೂ ಒಂದು ದಿನ ನೋವು ಕಾಣದವರನ್ನು ಎರಡನೆಯ ಸಿಜೇರಿಯನ್‌ನಲ್ಲಿ ನಾವು ನೋಡುತ್ತಲೇ ಇರುತ್ತೇವೆ. ನೋವು ಕೊಟ್ಟಾಗಲೂ ಅದರ ಗುಣ ಬೇರೆ. ಮಗ್ಗುಲು ಬದಲಿಸಿದಾಗ, ಮೈ ಚಾಚಿ ಅಟ್ಟದ ಡಬ್ಬಿ ತೆಗೆದಾಗ, ಮೂತ್ರ ತಡೆದಾಗ ಒಳಗಿನಿಂದ ಎಳೆದಂತೆ ಆಗುತ್ತದೆ. ಬೆರಳಿಟ್ಟು ತೋರಿಸುವಂಥ ಗಂಟಿರುವುದಿಲ್ಲ, ಮುಟ್ಟಿನ ದಿನಕ್ಕೂ ಅದಕ್ಕೂ ನಂಟಿರುವುದಿಲ್ಲ. ಅಂಟಿಕೆ ಬಿಡಿಸಿದರೆ ನೋವು ಹೋಗುತ್ತದೆಯೇ ಎಂದು ನೆದರ್ಲೆಂಡ್ಸಿನ ವೈದ್ಯರು ಒಂದು ದಿಟ್ಟ ಪ್ರಯೋಗ ಮಾಡಿದರು. ಬಹುಕಾಲದಿಂದ ಹೊಟ್ಟೆನೋವಿದ್ದು, ದುರ್ಬೀನು ಹಾಕಿ ನೋಡಿದಾಗ ಅಂಟಿಕೆ ಕಂಡ 100 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಂಟಿಕೆ ಬಿಡಿಸಿದರು, ಇನ್ನೊಂದು ಗುಂಪಿಗೆ ನೋಡಿ ಸುಮ್ಮನೆ ಮುಚ್ಚಿದರು. ಯಾರಿಗೆ ಯಾವುದು ಆಯಿತೆಂದು ರೋಗಿಗಳಿಗೆ ಹೇಳಲಿಲ್ಲ. ವರ್ಷದ ಮೇಲೆ ಎರಡೂ ಗುಂಪಿನವರ ನೋವು ಇಳಿದಿತ್ತು, ಇಳಿದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. 2003ರಲ್ಲಿ ಇದು ಪ್ರಕಟವಾಯಿತು. ಬಿಡಿಸಿದ ಜಾಗವೂ ಮತ್ತೊಂದು ತರಚು ಗಾಯವೇ, ಮತ್ತೆ ಅಂಟುತ್ತದೆ. ಬರೀ ನೋವಿಗಾಗಿ ಅಂಟಿಕೆ ಬಿಡಿಸಲು ನಾನು ಒಪ್ಪುವುದು ತೀರ ಅಪರೂಪ.

ಅಂಟಿಕೆ ನಿಜವಾಗಿ ತೊಂದರೆ ಕೊಡುವ ಹೊತ್ತು ಬೇರೆ. ಮುಂದಿನ ಸಿಜೇರಿಯನ್‌ನಲ್ಲಿ ಮಗುವಿನ ಬಳಿ ತಲುಪಲು ತಡವಾಗುತ್ತದೆ, ಮೂತ್ರಚೀಲಕ್ಕೆ ಗಾಯವಾಗುವ ಭಯವಿರುತ್ತದೆ. ಅಪರೂಪಕ್ಕೆ ಕರುಳಿನ ಸುತ್ತ ಎಳೆ ಬಿಗಿದು ದಾರಿ ಮುಚ್ಚುತ್ತದೆ. ಆಪರೇಷನ್ ಆಗಿ ಹತ್ತು ವರ್ಷವೇ ಆಗಿರಲಿ, ಹೊಟ್ಟೆ ಉಬ್ಬರಿಸಿ, ಬಿಟ್ಟು ಬಿಟ್ಟು ಹಿಂಡಿ, ಹಸಿರು ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದು ಕಷಾಯ ಕುಡಿದು ಬೆಳಗಿನವರೆಗೆ ಕಾಯುವ ಹೊಟ್ಟೆನೋವಲ್ಲ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಹೊಲಿಗೆಯ ಮೂಲೆಯಲ್ಲಿ ಗಂಟಿಲ್ಲದ ನೋವೂ ಒಂದಿದೆ. ಅಡ್ಡಗೀರಿನ ತುದಿಯ ಹತ್ತಿರವೇ ಸಣ್ಣ ನರಗಳು ಹಾದುಹೋಗುತ್ತವೆ. ಹೊಲಿಗೆಯಲ್ಲೋ ನಾರಿನಲ್ಲೋ ಅವು ಸಿಕ್ಕಿಕೊಂಡರೆ ಮೆಣಸಿನಪುಡಿ ಬಿದ್ದಂಥ ಉರಿ, ಬಟ್ಟೆ ತಾಗಿದರೂ ಝುಮ್ಮೆನ್ನುವುದು, ತೊಡೆಸಂದಿಯ ಕಡೆಗೆ ಇಳಿಯುವ ಮಿಂಚು ಇರುತ್ತದೆ. ಆ ಜಾಗಕ್ಕೆ ಸ್ವಲ್ಪ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಕೆಲವೇ ನಿಮಿಷದಲ್ಲಿ ನೋವು ಮಾಯವಾದರೆ ನರದ ಕಡೆಗೆ ಅನುಮಾನ ಬಲವಾಗುತ್ತದೆ.

ಈಕೆಯ ಗಂಟಿಗೆ ಎರಡು ದಾರಿಯಿತ್ತು. ಮಗನನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದಳು, ರಜೆ ಸಿಗುವಂತಿರಲಿಲ್ಲ. ಹಾಗಾಗಿ ಮೊದಲು ಮಾತ್ರೆ ನೋಡೋಣ ಎಂದೆವು. ಡೈನೊಜೆಸ್ಟ್ ಎಂಬ ಹಾರ್ಮೋನಿನ ಮಾತ್ರೆ, ದಿನಕ್ಕೆ 2 ಮಿಲಿಗ್ರಾಮ್. ಅದು ಒಳಪದರವನ್ನು ಬೆಳೆಯಗೊಡದೆ ಸುಮ್ಮನಿರಿಸುತ್ತದೆ. ಎರಡನೆಯ ತಿಂಗಳಿಗೆ ನೋವು ಅರ್ಧಕ್ಕಿಳಿಯಿತು, ಆದರೆ ಗಂಟು ಹಾಗೇ ಇತ್ತು. ನಾರನ್ನು ಯಾವ ಹಾರ್ಮೋನೂ ಕರಗಿಸುವುದಿಲ್ಲ. ನಡುನಡುವೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಂಡು ಆಕೆಗೆ ಬೇಸರವಾಯಿತು. ಆರು ತಿಂಗಳ ಮೇಲೆ ಮಾತ್ರೆ ನಿಲ್ಲಿಸಿದಳು. ಮುಂದಿನ ಮುಟ್ಟಿಗೇ ಕ್ಯಾಲೆಂಡರಿನಲ್ಲಿ ಎರಡೆರಡು ಗೆರೆ ಮರಳಿದವು. ಆಪರೇಷನ್ ಬೇಡವೆನ್ನುವವರಿಗೆ ಮಾತ್ರೆ ಕಾಲ ತಳ್ಳಲು ಸಹಾಯ ಮಾಡುತ್ತದೆ, ಗಂಟನ್ನು ಗುಣಪಡಿಸುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಉಳಿದದ್ದು ಗಂಟನ್ನು ತೆಗೆಯುವುದು. ಜನರಲ್ ಸರ್ಜನ್ ಒಬ್ಬರನ್ನು ಜೊತೆಗೆ ಕರೆದುಕೊಂಡೆ. ಅರಿವಳಿಕೆಗೆ ಮುಂಚೆ, ಆಕೆ ಎಚ್ಚರವಿದ್ದಾಗಲೇ, ಆಕೆಯ ಬೆರಳಿಂದಲೇ ನೋವಿನ ಜಾಗ ತೋರಿಸಿಕೊಂಡು ಚರ್ಮದ ಮೇಲೆ ಗುರುತು ಹಾಕಿದೆವು. ಸ್ನಾಯು ಸಡಿಲಾಗಿ ಮಲಗಿದ ಮೇಲೆ ಕೊಬ್ಬಿನಲ್ಲಿ ಗಂಟು ಕೈಗೆ ಸಿಗದೆ ತಪ್ಪಿಸಿಕೊಳ್ಳುವುದುಂಟು. ಹಳೆಯ ಗೀರಿನ ಎಡತುದಿಯನ್ನೇ ತೆರೆದೆವು. ಇಲ್ಲಿ ಒಂದೇ ಮುಖ್ಯ ನಿಯಮ: ಗಂಟಿಗೆ ಕತ್ತರಿ ತಾಗಿಸಬಾರದು, ಸುತ್ತ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ಇಡಿಯಾಗಿ ತೆಗೆಯಬೇಕು. ಗಂಟು ಒಡೆದರೆ ನಾಲ್ಕು ವರ್ಷದ ಹಿಂದಿನ ಬಿತ್ತನೆಯನ್ನು ನಾವೇ ಮತ್ತೆ ಮಾಡಿದಂತೆ. ಚರ್ಮ ಚೆನ್ನಾಗಿ ಕಾಣಲೆಂದು ಅಂಚನ್ನು ಚಿಕ್ಕದು ಮಾಡಿದರೂ ಅದೇ ಜಾಗದಲ್ಲಿ ಮರುಕಳಿಸುತ್ತದೆ.

ಕವಚಕ್ಕೆ ಕಚ್ಚಿಕೊಂಡಿದ್ದರಿಂದ ಅದರ ಒಂದು ತುಂಡನ್ನೂ ತೆಗೆಯಬೇಕಾಯಿತು, ಹೊಟ್ಟೆಯ ಗೋಡೆಯಲ್ಲಿ ಸುಮಾರು ನಾಲ್ಕು ಸೆಂಟಿಮೀಟರಿನ ಕಿಂಡಿಯಾಯಿತು. ಅದನ್ನು ಎಳೆದು ಬಿಗಿಯಾಗಿ ಹೊಲಿದರೆ ಮುಂದೆ ಅಲ್ಲಿ ನಿಜವಾಗಿಯೇ ಹರ್ನಿಯಾ ಬರುತ್ತದೆ. ಸರ್ಜನ್ ಅಂಚುಗಳನ್ನು ಹತ್ತಿರ ತಂದು ನೋಡಿದರು, ಎಳೆತವಿಲ್ಲದೆ ಕೂಡಿಕೊಂಡವು. ಕೂಡದಿದ್ದರೆ ಹಾಕಲೆಂದು ಜಾಲರಿಯನ್ನು ತರಿಸಿಟ್ಟಿದ್ದೆವು, ಅದು ಬೇಕಾಗಲಿಲ್ಲ. ಜಾಲರಿ ಬೇಕಾಗಬಹುದು ಎಂದು ಆಪರೇಷನ್‌ಗೆ ಮುಂಚೆಯೇ ರೋಗಿಗೆ ಹೇಳಿ ಒಪ್ಪಿಗೆ ಪಡೆಯಬೇಕು. ಸುಮಾರು ಜನ ಇದು ಬರೀ ಚರ್ಮದ ಗಡ್ಡೆ ಎಂದು ತಿಳಿದಿರುತ್ತಾರೆ.

ತೆಗೆದ ಗಂಟನ್ನು ಬೇರೆ ಮೇಜಿನ ಮೇಲೆ ಸೀಳಿ ಆಕೆಯ ಗಂಡನಿಗೆ ತೋರಿಸಿದೆ. ಬೂದುಬಿಳಿಯ ಗಟ್ಟಿ ನಾರು, ಅದರ ನಡುವೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿಗಳು. ಆ ಚುಕ್ಕಿಗಳು ಹಳೆಯ ಮುಟ್ಟುಗಳ ರಕ್ತ. ‘ಇಷ್ಟೇನಾ ಮೇಡಂ, ಇಷ್ಟಕ್ಕಾ ಎರಡು ವರ್ಷ’ ಎಂದು ಆತ ಬಹಳ ಹೊತ್ತು ನೋಡುತ್ತ ನಿಂತಿದ್ದ. ಗಂಟು ಪ್ರಯೋಗಾಲಯಕ್ಕೆ ಹೋಯಿತು. ಗರ್ಭಕೋಶದ ಒಳಪದರದ ಗ್ರಂಥಿಗಳು, ಅವುಗಳ ಸುತ್ತಲಿನ ಅಂಗಾಂಶ, ಹಳೆಯ ರಕ್ತದ ಕಬ್ಬಿಣ ನುಂಗಿದ ಕೋಶಗಳು ಇವೆ, ಸುತ್ತಲಿನ ಅಂಚು ಶುದ್ಧವಾಗಿದೆ ಎಂದು ವರದಿ ಬಂತು. ಹಲವಾರು ವರ್ಷ ಹಾಗೇ ಬಿಟ್ಟ ಗಂಟು ಕ್ಯಾನ್ಸರಾಗಿ ತಿರುಗುವುದು ಬಹಳ ಬಹಳ ಅಪರೂಪ. ಆದರೂ ತೆಗೆದದ್ದನ್ನು ಪರೀಕ್ಷೆಗೆ ಕಳಿಸದೆ ಬಿಸಾಡಬಾರದು ಎನ್ನುವುದಕ್ಕೆ ಅದೂ ಒಂದು ಕಾರಣ.

ಗಾಯ ಒಣಗಿದ ಮೇಲೆ ಆರು ಮುಟ್ಟಿನ ಲೆಕ್ಕ ಇಡಲು ಹೇಳಿದೆ. ಮೊದಲ ತಿಂಗಳು ಹೊಸ ಹೊಲಿಗೆಯ ನೋವಿನಿಂದ ಗೆರೆಗಳು ಚೆಲ್ಲಾಪಿಲ್ಲಿಯಾಗಿದ್ದವು, ಚುಕ್ಕಿಗೂ ಅವಕ್ಕೂ ಸಂಬಂಧವಿರಲಿಲ್ಲ. ಎರಡನೆಯ ತಿಂಗಳಿಂದ ಬರೀ ಚುಕ್ಕಿಗಳು. ಪೂರ್ತಿ ತೆಗೆದವರಲ್ಲಿ ನೂರಕ್ಕೆ ನಾಲ್ಕೈದು ಮಂದಿಗೆ ಮತ್ತೆ ಬರಬಹುದು, ಬಂದರೆ ಮೊದಲು ಕ್ಯಾಲೆಂಡರಿನಲ್ಲೇ ಕಾಣುತ್ತದೆ ಎಂದೆ. ಆಗ ಆಕೆ ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿದಳು. ‘ಇನ್ನೊಂದು ಮಗು ಆದ್ರೆ, ಮತ್ತೆ ಕುಯ್ದರೆ, ಮತ್ತೆ ಹಿಂಗೇ ಆಗುತ್ತಾ ಮೇಡಂ?’

ಆಗಬಹುದು, ಆಗಲೇಬೇಕೆಂದಿಲ್ಲ. ಆಪರೇಷನ್ ಮಾಡುವವರ ಕೈಯಲ್ಲಿ ಕೆಲವು ಸಣ್ಣ ಕೆಲಸಗಳಿವೆ. ಗರ್ಭಕೋಶ ಹೊಲಿದ ಸೂಜಿ-ದಾರದಿಂದ ಹೊಟ್ಟೆಯ ಗೋಡೆ ಹೊಲಿಯದಿರುವುದು, ಗರ್ಭಕೋಶದ ಒಳಗೆ ಆಡಿಸಿದ ಬಟ್ಟೆಯನ್ನು ಗಾಯ ಒರೆಸಲು ಬಳಸದಿರುವುದು, ಹೊಟ್ಟೆ ಮುಚ್ಚುವ ಮೊದಲು ಗ್ಲೌಸು ಬದಲಿಸುವುದು, ಗೀರಿನ ಎರಡೂ ಮೂಲೆಗಳನ್ನು ಸಲೈನ್ ನೀರಿನಿಂದ ತೊಳೆಯುವುದು. ಇವುಗಳಿಂದ ಇಂತಿಷ್ಟು ಕಾಯಿಲೆ ತಪ್ಪಿತೆಂದು ತೋರಿಸುವ ದೊಡ್ಡ ಅಧ್ಯಯನ ಆಗಿಲ್ಲ, ಇಷ್ಟು ಅಪರೂಪದ ಕಾಯಿಲೆಗೆ ಅಂಥದು ಮಾಡುವುದೂ ಕಷ್ಟ. ಆದರೆ ಎಲ್ಲಕ್ಕೂ ಸೇರಿ ಹಿಡಿಯುವುದು ನಾಲ್ಕೈದು ನಿಮಿಷ, ಖರ್ಚು ಒಂದು ಬಾಟಲಿ ಸಲೈನ್, ಒಂದು ಜೊತೆ ಗ್ಲೌಸು. ನಾನು ಬಿಡದೆ ಮಾಡುತ್ತೇನೆ.

ಕಳೆದ ವರ್ಷ ಆಕೆಗೆ ಎರಡನೆಯ ಸಿಜೇರಿಯನ್ ಆಯಿತು, ಹೆಣ್ಣುಮಗು. ಎಡಮೂಲೆಯಲ್ಲಿ ಹಳೆಯ ಕಲೆ ಮೆತ್ತಗಿತ್ತು, ಗಂಟಿರಲಿಲ್ಲ. ಒಳಗೆ ಮೂತ್ರಚೀಲ ಒಂದಿಷ್ಟು ಅಂಟಿಕೊಂಡಿತ್ತು, ನಿಧಾನವಾಗಿ ಬಿಡಿಸಿದೆವು. ಎರಡೂ ಮೂಲೆ ತೊಳೆದು, ಸೂಜಿ ಬದಲಿಸಿ ಮುಚ್ಚಿದೆವು. ಡಿಸ್ಚಾರ್ಜ್ ಕಾರ್ಡಿನ ಹಿಂಬದಿಯಲ್ಲಿ ನಾನೇ ಕೈಯಾರೆ ಕನ್ನಡದಲ್ಲಿ ಬರೆದೆ: ‘ಮುಟ್ಟು ಮರಳಿದ ದಿನ’, ಅದರ ಮುಂದೆ ಒಂದು ಖಾಲಿ ಗೆರೆ. ‘ಹೊಲಿಗೆಯ ಮೂಲೆಯಲ್ಲಿ ನೋವಾದ ದಿನ’, ಅದರ ಮುಂದೆ ಇನ್ನೊಂದು. ಹಾಲು ಬಿಡಿಸಿದ ಮೇಲೆ ಆಕೆ ಮೊದಲ ಗೆರೆ ತುಂಬಿ ಫೋಟೋ ಕಳಿಸಿದ್ದಾಳೆ. ಎರಡನೆಯದು ಇನ್ನೂ ಖಾಲಿಯಿದೆ.